ಗಾಡಿ ಮಾರಿದ ಮೇಲೂ ನಮ್ಮ ಫೋನಿನಲ್ಲೇ ಓಡುತ್ತಿತ್ತು

ಸಂಕ್ರಾಂತಿ ಕಳೆದು ಎರಡು ವಾರ ಆಗಿತ್ತು. ಬೆಳಿಗ್ಗೆ ಐದೂವರೆಗೆ ಫೋನ್ ಬಂತು. ನಮ್ಮ ಪಿಕಪ್ ಗಾಡಿ ಕೊಂಡಿದ್ದ ಕೊಣನೂರು ಕಡೆಯ ಅಣ್ಣ.

"ಅಣ್ಣ, ಬೇಜಾರ್ ಮಾಡ್ಕೋಬೇಡಿ. ಗಾಡಿ ಸ್ಟಾರ್ಟೇ ಆಗ್ತಿಲ್ಲ. ಸೆಲ್ಫ್ ಹೊಡೀತದೆ, ಇಂಜಿನ್ ಹಿಡೀತಿಲ್ಲ. ಬೇಲು ತುಂಬಿ ನಿಲ್ಸಿದೀನಿ. ನಿಮ್ಮತ್ರ ಇದ್ದಾಗ ಹಿಂಗೇನಾದ್ರೂ ಆಗಿತ್ತಾ?"

ಅವರದು ಹೊಗೆಸೊಪ್ಪಿನ ಬೇಸಾಯ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಅವತ್ತು ಬೇಲು ಒಯ್ಯಬೇಕಿತ್ತು. ಹೊಗೆಸೊಪ್ಪು ಬೆಳೆಯುವವರಿಗೆ ಗೊತ್ತು, ನಮ್ಮ ದಿನ ತಪ್ಪಿದರೆ ಮತ್ತೆ ಕಾಯಬೇಕು.

ಗಾಡಿ ನಮ್ಮ ಹತ್ತಿರ ಮೂರು ವರ್ಷ ಇತ್ತು, ಒಂದು ದಿನವೂ ಹಾಗೆ ಕೈ ಕೊಟ್ಟಿರಲಿಲ್ಲ. ಡೀಸೆಲ್ ನೋಡಿ, ಬ್ಯಾಟರಿ ನೋಡಿ ಅಂತ ನಾವೂ ಹೇಳುತ್ತಿದ್ದೆವು. ಪಕ್ಕದಲ್ಲೇ ಮಲಗಿದ್ದ ತಮ್ಮ ಎದ್ದು ಕೂತು ತನ್ನ ಫೋನಿನಲ್ಲಿ ಟ್ರ್ಯಾಕರ್ ಆ್ಯಪ್ ತೆಗೆದ. ನಮ್ಮ ಗಾಡಿಯ ನಂಬರ್ ಇನ್ನೂ ಅಲ್ಲೇ ಇತ್ತು. ಕೊಣನೂರಿನ ಹತ್ತಿರ ನಿಂತಿರುವಂತೆ ನಕ್ಷೆಯಲ್ಲಿ ತೋರಿಸುತ್ತಿತ್ತು. ಅದರ ಪಕ್ಕದಲ್ಲಿ ಕೆಂಪು ಬೀಗದ ಗುರುತು. ರಾತ್ರಿ ಒಂಬತ್ತು ನಲವತ್ತಕ್ಕೆ ಯಾರೋ ಇಂಜಿನ್ ಲಾಕ್ ಮಾಡಿದ್ದರು.

ಆ ಯಾರೋ ಬೇರೆ ಯಾರೂ ಅಲ್ಲ, ನಮ್ಮ ಅಪ್ಪ.

ಅಪ್ಪನಿಗೆ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಮೂರು ವರ್ಷ ದಿನಾ ರಾತ್ರಿ ಮಲಗುವ ಮುಂಚೆ ಬಾಗಿಲ ಚಿಲಕ ಹಾಕಿದ ಹಾಗೆ ಆ್ಯಪ್ ತೆಗೆದು ಗಾಡಿ ಲಾಕ್ ಮಾಡುತ್ತಿದ್ದರು. ಗಾಡಿ ಮಾರಿದ ಮೇಲೂ ಆಗೊಮ್ಮೆ ಈಗೊಮ್ಮೆ ತೆಗೆದು ಎಲ್ಲಿದೆ ಅಂತ ನೋಡುತ್ತಿದ್ದರಂತೆ. ಅದು ನಮಗೂ ಗೊತ್ತಿರಲಿಲ್ಲ. "ನೋಡ್ತಾ ಇದ್ದೆ ಕಣೋ, ಬೆರಳು ಅದರ ಪಾಡಿಗೆ ಅದು ಒತ್ತಿಬಿಡ್ತು" ಅಂದರು. ಮುಖ ಸಣ್ಣದಾಗಿತ್ತು.

ತಮ್ಮ ಲಾಕ್ ತೆಗೆದ. ಎರಡು ನಿಮಿಷದಲ್ಲಿ ಆ ಕಡೆ ಗಾಡಿ ಸ್ಟಾರ್ಟ್ ಆಯಿತು. ಆದರೆ ಅಷ್ಟು ಹೊತ್ತಿಗೆ ಅವರು ಪಕ್ಕದ ಮನೆಯವರ ಟ್ರ್ಯಾಕ್ಟರ್‌ಗೆ ಬಾಡಿಗೆ ಮಾತಾಡಿ ಅರ್ಧ ಬೇಲು ಇಳಿಸಿದ್ದರು. ನಾವು ನಿಜ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದರು: "ಅಂದ್ರೆ ಇಷ್ಟು ದಿನ ನಾನು ಎಲ್ಲೆಲ್ಲಿ ಹೋಗ್ತಿದ್ದೆ ಅಂತ ನಿಮಗೆ ಕಾಣಿಸ್ತಿತ್ತಾ?"

ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಾಣಿಸುತ್ತಿತ್ತು. ಅವರ ಮನೆ, ಅವರ ಜಮೀನು, ಅವರು ರಾತ್ರಿ ಎಷ್ಟು ಹೊತ್ತಿಗೆ ಬಂದರು, ಸಂತೆಯ ದಿನ ಎಲ್ಲಿ ನಿಲ್ಲಿಸಿದರು, ಎಲ್ಲವೂ. ನಾವು ಬೇಕೆಂದು ನೋಡಿರಲಿಲ್ಲ. ಆದರೆ ನೋಡಲು ಬಾಗಿಲು ತೆರೆದೇ ಇತ್ತು.

ಫಾರಂ ಎಲ್ಲ ಸರಿಯಾಗಿತ್ತು

ನಾವು ಮಾರುವಾಗ ಕಾಗದ ಪತ್ರದಲ್ಲಿ ಏನೂ ಬಾಕಿ ಇಟ್ಟಿರಲಿಲ್ಲ. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ ಹಾಸನದ ಆರ್‌ಟಿಒಗೆ ಕೊಟ್ಟಿದ್ದೆವು. ಒಂದೇ ರಾಜ್ಯದೊಳಗೆ ಮಾರಿದರೆ, ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಹೇಳುತ್ತದೆ. ಇನ್ಶೂರೆನ್ಸ್ ಅವರ ಹೆಸರಿಗೆ ಮಾಡಿಸಲು ಹೇಳಿದ್ದೆವು. ನಮ್ಮ ಫಾಸ್ಟ್ಯಾಗ್ ಬ್ಯಾಂಕಿಗೆ ಹೇಳಿ ಮುಚ್ಚಿಸಿದ್ದೆವು, ಇಲ್ಲದಿದ್ದರೆ ಶಾಂತಿಗ್ರಾಮದ ಟೋಲ್‌ನಲ್ಲಿ ಅವರು ಹಾದರೆ ನಮ್ಮ ದುಡ್ಡು ಹೋಗುತ್ತದೆ ಅನ್ನುವ ಬುದ್ಧಿ ಇತ್ತು.

ಆದರೆ ಈ ಯಾವ ಫಾರಂನಲ್ಲೂ ಟ್ರ್ಯಾಕರ್ ಬಗ್ಗೆ ಒಂದು ಸಾಲೂ ಇಲ್ಲ. ಆರ್‌ಸಿಯಲ್ಲಿ ಹೆಸರು ಬದಲಾದರೆ ಟ್ರ್ಯಾಕರ್ ಕಂಪನಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಅವರ ಲೆಕ್ಕದಲ್ಲಿ ಗಾಡಿ ಇನ್ನೂ ನಮ್ಮದೇ.

ಹಾಗಾದರೆ ನಾವು ಏನೂ ಮಾಡಿರಲಿಲ್ಲವೇ? ಮಾಡಿದ್ದೆವು. ನಮ್ಮ ಫೋನಿನಿಂದ ಆ್ಯಪ್ ಅಳಿಸಿ ಹಾಕಿದ್ದೆವು. ಅಷ್ಟೇ ಸಾಕು ಅಂದುಕೊಂಡಿದ್ದೆವು. ತಮ್ಮನ ಫೋನಿನಲ್ಲಿ, ಅಪ್ಪನ ಫೋನಿನಲ್ಲಿ ಅದು ಹಾಗೇ ಇತ್ತು. ಫೆಬ್ರವರಿಯಲ್ಲಿ ಇನ್ನೊಂದು ಮೆಸೇಜ್ ಬಂತು: ಟ್ರ್ಯಾಕರ್‌ನ ಒಂದು ವರ್ಷದ ಬಾಬ್ತು 1,770 ರೂಪಾಯಿ ನಾಳೆ ನಿಮ್ಮ ಖಾತೆಯಿಂದ ಕಡಿತವಾಗಲಿದೆ. ಮಾರಿದ ಗಾಡಿಗೆ ಮುಂದಿನ ವರ್ಷದ ದುಡ್ಡು!

ಆವತ್ತು ಕೂತು ಪೂರ್ತಿ ವಿಷಯ ತಿಳಿದುಕೊಂಡೆವು. ತಪ್ಪು ಎಲ್ಲಿ ಆಯಿತು ಅಂತ ನಿಮಗೂ ಹೇಳುತ್ತೇವೆ. ಈಗ ನಮ್ಮ ಹೊಳೆನರಸೀಪುರ, ಅರಕಲಗೂಡು ಕಡೆ ಪಿಕಪ್ಪು, ಟ್ರ್ಯಾಕ್ಟರು, ಜೆಸಿಬಿ, ಬೈಕಿಗೂ ಟ್ರ್ಯಾಕರ್ ಹಾಕಿಸುತ್ತಿದ್ದಾರೆ. ಅವೆಲ್ಲ ಒಂದಲ್ಲ ಒಂದು ದಿನ ಮಾರಾಟವಾಗುವ ಗಾಡಿಗಳೇ.

ಒಂದು ಡಬ್ಬಿ, ನಾಲ್ಕು ಹಗ್ಗ

ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ನಮಗೆ ಇದನ್ನು ಬಿಡಿಸಿ ಹೇಳಿದರು. ಗಾಡಿಗೂ ನಿಮಗೂ ನಾಲ್ಕು ಹಗ್ಗ ಕಟ್ಟಿರುತ್ತದೆ, ಒಂದು ಬಿಚ್ಚಿದರೆ ಇನ್ನೊಂದು ಬಿಚ್ಚಿಕೊಳ್ಳುವುದಿಲ್ಲ ಅಂದರು.

ಮೊದಲನೆಯದು ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಡ್ಯಾಶ್‌ಬೋರ್ಡ್ ಒಳಗೆ ಕಾಣದ ಹಾಗೆ ಕಟ್ಟಿರುತ್ತಾರೆ. ಅದರ ಮೇಲೆ ಐಎಂಇಐ ಅಂತ 15 ಅಂಕಿಯ ನಂಬರ್ ಇರುತ್ತದೆ. ಕಂಪನಿಯವರು ಗುರುತು ಹಿಡಿಯುವುದು ಹೆಚ್ಚಾಗಿ ಆ ನಂಬರಿನಿಂದ, ಗಾಡಿ ನಂಬರಿನಿಂದ ಅಲ್ಲ.

ಎರಡನೆಯದು ಒಳಗಿನ ಸಿಮ್. ಇದು ನಮ್ಮ ಫೋನಿನ ಸಿಮ್ ಥರ ಅಲ್ಲ. ಯಂತ್ರಕ್ಕೆ ಅಂತಲೇ ಕೊಡುವ ಸಿಮ್, ಇದಕ್ಕೆ 13 ಅಂಕಿಯ ನಂಬರ್ ಇರುತ್ತದೆ. ನಮ್ಮ ಟ್ರ್ಯಾಕರಿನಲ್ಲಿ ಅದು ಇದ್ದದ್ದು ಕಂಪನಿಯ ಹೆಸರಲ್ಲಿ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ, ಅವರೇ ನಿಲ್ಲಿಸಬೇಕು.

ಮೂರನೆಯದು ಖಾತೆ. ಡಬ್ಬಿ ಕಳಿಸಿದ ಲೆಕ್ಕವೆಲ್ಲ ಹೋಗಿ ಕೂರುವುದು ಕಂಪನಿಯ ಸರ್ವರ್‌ನಲ್ಲಿ. ನಮ್ಮ ಫೋನಿನ ಆ್ಯಪ್ ಬರೀ ಕಿಟಕಿ. ಆ್ಯಪ್ ಅಳಿಸಿದರೆ ಕಿಟಕಿ ಮುಚ್ಚಿದ ಹಾಗೆ. ಮನೆಯೊಳಗೆ ಸಾಮಾನು ಇದ್ದಲ್ಲೇ ಇರುತ್ತದೆ, ಇನ್ನೊಬ್ಬರು ಬೇರೆ ಕಿಟಕಿಯಿಂದ ನೋಡಬಹುದು. ನಮ್ಮ ಖಾತೆಗೆ ಮೂರು ಲಾಗಿನ್ ಇತ್ತು: ನಮ್ಮದು, ತಮ್ಮನದು, ಅಪ್ಪನದು. ಹಿಂದೆ ಡ್ರೈವರ್ ಆಗಿದ್ದ ಹುಡುಗನಿಗೂ ಒಂದು ಕೊಟ್ಟಿದ್ದೆವು ಅನ್ನುವುದು ಪಟ್ಟಿ ತೆಗೆದಾಗಲೇ ನೆನಪಾದದ್ದು. ಅವನು ಕೆಲಸ ಬಿಟ್ಟು ವರ್ಷವಾಗಿತ್ತು.

ನಾಲ್ಕನೆಯದು ದುಡ್ಡು. ಶುರುವಿನಲ್ಲಿ ಯುಪಿಐ ಆಟೋಪೇಗೆ ಒಪ್ಪಿಗೆ ಒತ್ತಿರುತ್ತೇವೆ. ಅದು ಬ್ಯಾಂಕಿಗೂ ಕಂಪನಿಗೂ ಇರುವ ಮಾತು. ಗಾಡಿ ಯಾರ ಹತ್ತಿರ ಇದೆ ಅನ್ನುವುದು ಅದಕ್ಕೆ ಬೇಡ.

ಕೆಲವು ಡಬ್ಬಿಗಳಿಗೆ ಇವುಗಳ ಜೊತೆ ರಿಲೇ ಅಂತ ಇನ್ನೊಂದು ಸಣ್ಣ ಸಾಮಾನು ಸೇರಿರುತ್ತದೆ. ನಮ್ಮ ಗಾಡಿ ನಿಲ್ಲಿಸಿದ್ದು ಅದೇ. ಇಂಜಿನ್ನಿಗೆ ಡೀಸೆಲ್ ಕೊಡುವ ಕಡೆಯ ವೈರನ್ನು ಕತ್ತರಿಸಿ ಮಧ್ಯದಲ್ಲಿ ರಿಲೇ ಕೂರಿಸಿದ್ದರು. ಫೋನಿನಲ್ಲಿ ಲಾಕ್ ಒತ್ತಿದರೆ ರಿಲೇ ಆ ವೈರನ್ನು ಬಿಡಿಸುತ್ತದೆ. ಅದಕ್ಕೇ ಸೆಲ್ಫ್ ಹೊಡೆಯುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಹೀಗಾದರೆ, ಪಂಪು ಬಿಚ್ಚಿಸುವ ಮುಂಚೆ ಡ್ಯಾಶ್‌ಬೋರ್ಡ್ ಕೆಳಗೆ ಟ್ರ್ಯಾಕರ್ ಇದೆಯಾ ಅಂತ ನೋಡಿಸಿ.

ನಾವು ಬಿಚ್ಚಿದ ಕ್ರಮ

ಕೊಣನೂರಿನ ಅಣ್ಣನಿಗೆ ಎರಡು ದಾರಿ ಹೇಳಿದೆವು. ಟ್ರ್ಯಾಕರ್ ನಿಮಗೆ ಬೇಕಾದರೆ ನಿಮ್ಮ ಹೆಸರಿಗೆ ಮಾಡಿಸೋಣ, ಬೇಡದಿದ್ದರೆ ನಮ್ಮ ಖರ್ಚಿನಲ್ಲಿ ತೆಗೆಸೋಣ. ಅವರು "ತೆಗ್ಸಿಬಿಡಿ, ಆಮೇಲೆ ಬೇಕಾದ್ರೆ ನಾನೇ ಹೊಸದು ಹಾಕುಸ್ಕೋತೀನಿ" ಅಂದರು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಹೇಳುತ್ತಿದ್ದೆವು.

ಮೊದಲು ಮಾಡಿದ್ದು, ಇಂಜಿನ್ ಲಾಕ್ ತೆಗೆದಿದೆ ಅಂತ ಖಾತ್ರಿ ಮಾಡಿಕೊಂಡದ್ದು. ಇದು ಮೊದಲೇ ಆಗಬೇಕು. ಲಾಕ್ ಬಿದ್ದಿರುವಾಗಲೇ ಗಾಡಿಯನ್ನು ಖಾತೆಯಿಂದ ತೆಗೆದುಬಿಟ್ಟರೆ, ಲಾಕ್ ತೆಗೆಯುವ ಬಟನ್ ಯಾರ ಫೋನಿನಲ್ಲೂ ಉಳಿಯುವುದಿಲ್ಲ. ಗಾಡಿ ನಿಂತಲ್ಲೇ ನಿಲ್ಲುತ್ತದೆ. ರಾತ್ರಿ ತಾನಾಗಿ ಲಾಕ್ ಆಗುವ ಹಾಗೆ, ಊರ ಗಡಿ ದಾಟಿದರೆ ಅಲಾರಂ ಹೊಡೆಯುವ ಹಾಗೆ ಏನಾದರೂ ಇಟ್ಟಿದ್ದರೆ ಅದನ್ನೂ ತೆಗೆಯಬೇಕು.

ಎರಡನೆಯದು, ಉಳಿದ ಲಾಗಿನ್‌ಗಳನ್ನು ತೆಗೆದೆವು. ತಮ್ಮನದು, ಅಪ್ಪನದು, ಆ ಹಳೇ ಡ್ರೈವರ್‌ನದು.

ಮೂರನೆಯದು ಕಂಪನಿಗೆ ಬರೆದದ್ದು. ನಮಗೆ ತಡವಾದದ್ದು ಇಲ್ಲಿ. ಟ್ರ್ಯಾಕರ್ ಹಾಕಿದ ಅಂಗಡಿಯವರಿಗೆ ಫೋನ್ ಮಾಡಿದರೆ "ಬಿಡಿ ಸಾರ್, ರಿನೀವಲ್ ಕಟ್ಟದಿದ್ರೆ ತಾನೇ ನಿಂತೋಗುತ್ತೆ" ಅಂದರು. ನಿಲ್ಲುವವರೆಗೆ? ಅಲ್ಲಿಯವರೆಗೂ ಇನ್ನೊಬ್ಬರ ಓಡಾಟ ನಮ್ಮ ಖಾತೆಯಲ್ಲಿ ಬೀಳುತ್ತಲೇ ಇರುತ್ತದೆ. ಕಂಪನಿಯ ಸಹಾಯವಾಣಿಗೆ ಮಾಡಿದರೆ, ನೋಂದಾಯಿತ ಮೊಬೈಲಿಗೆ ಒಟಿಪಿ ಬರುತ್ತದೆ, ಹೇಳಿ ಅಂದರು. ಆ ನಂಬರ್ ತಮ್ಮನ ಹಳೇ ಸಿಮ್‌ದು. ಪುಣ್ಯಕ್ಕೆ ಅದು ಇನ್ನೂ ಜೀವ ಇತ್ತು, ರೀಚಾರ್ಜ್ ಮಾಡಿಸಿ ಒಟಿಪಿ ತೆಗೆದುಕೊಂಡೆವು. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಹಾಗಾಗಿದ್ದರೆ ನಮ್ಮ ಗಾಡಿಯ ಒಟಿಪಿ ಯಾರೋ ಗೊತ್ತಿಲ್ಲದವರ ಫೋನಿಗೆ ಹೋಗುತ್ತಿತ್ತು. ನಿಮ್ಮ ಟ್ರ್ಯಾಕರ್‌ಗೆ ಯಾವ ನಂಬರ್ ಕೊಟ್ಟಿದ್ದೀರಿ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ.

ಬಾಯಲ್ಲಿ ಹೇಳಿದ್ದು ಸಾಲದು ಅಂತ ಇ-ಮೇಲ್ ಕೂಡ ಹಾಕಿದೆವು. ಹೆಚ್ಚೇನೂ ಇಲ್ಲ, ಇಷ್ಟೇ ಬರೆದದ್ದು:

"ಈ ಗಾಡಿಯನ್ನು ಇಂಥ ದಿನ ಮಾರಿದ್ದೇವೆ. ಗಾಡಿ ನಂಬರ್ ಇದು, ಟ್ರ್ಯಾಕರ್‌ನ ಐಎಂಇಐ ಇದು. ನಮ್ಮ ಖಾತೆಯಿಂದ ಈ ಟ್ರ್ಯಾಕರ್ ತೆಗೆಯಿರಿ. ಸಿಮ್ ನಿಲ್ಲಿಸಿ. ಮಾರಿದ ದಿನದಿಂದ ಈಚೆಗೆ ದಾಖಲಾದ ಓಡಾಟದ ವಿವರ ಅಳಿಸಿ. ಇನ್ನು ಮುಂದೆ ಯಾವ ಶುಲ್ಕವೂ ಕಡಿತ ಮಾಡಬೇಡಿ. ಕೆಲಸ ಮುಗಿದ ಮೇಲೆ ಉತ್ತರ ಬರೆಯಿರಿ."

ಜೊತೆಗೆ ಫಾರಂ 29ರ ಪ್ರತಿ ಇಟ್ಟೆವು. ದೂರಿನ ನಂಬರ್ ಬಂತು, ಅದನ್ನು ಬರೆದಿಟ್ಟುಕೊಂಡೆವು. ನಾಲ್ಕನೇ ದಿನ ತೆಗೆದಿದ್ದೇವೆ ಅಂತ ಉತ್ತರ ಬಂತು. ಉತ್ತರವೇ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ಅಂತ ಇದ್ದೆವು, ಅದರ ಅಗತ್ಯ ಬೀಳಲಿಲ್ಲ. ಆದರೆ ಆ ದೂರು ಕೊಡಬೇಕಾದರೂ ಕೈಯಲ್ಲಿ ಇ-ಮೇಲ್, ದಿನಾಂಕ ಇರಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

ನಾಲ್ಕನೆಯದು ಆಟೋಪೇ. ಇದಕ್ಕೆ ಕಂಪನಿಯನ್ನು ಕೇಳಬೇಕಾಗಿಲ್ಲ. ದುಡ್ಡು ಕಳಿಸುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಪಟ್ಟಿ ಇರುತ್ತದೆ. ಯಾರ್‍ಯಾರಿಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ ಅಲ್ಲಿ ಕಾಣುತ್ತದೆ. ಅದರಲ್ಲಿ ಟ್ರ್ಯಾಕರ್ ಕಂಪನಿಯ ಹೆಸರು ಹುಡುಕಿ ರದ್ದು ಒತ್ತಿ ಪಿನ್ ಹಾಕಿದರೆ ಮುಗಿಯಿತು. ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ನಮಗೆ ಬಂದ ಮೆಸೇಜ್ ಅದೇ. ದಿನಕ್ಕೆ ಹತ್ತು ಜಾಹೀರಾತಿನ ಮೆಸೇಜ್ ಬರುವಾಗ ಅದನ್ನು ಓದದೆ ಬಿಡುವುದು ಸುಲಭ. ನಾವು ಓದಿದ್ದಕ್ಕೆ 1,770 ರೂಪಾಯಿ ಉಳಿಯಿತು. ಆದರೆ ಒಂದು ವಿಷಯ ನೆನಪಿರಲಿ: ಆಟೋಪೇ ರದ್ದಾದರೆ ದುಡ್ಡು ಹೋಗುವುದು ಮಾತ್ರ ನಿಲ್ಲುತ್ತದೆ. ಈಗಾಗಲೇ ಕಟ್ಟಿರುವ ಅವಧಿ ಮುಗಿಯುವವರೆಗೆ ನಕ್ಷೆಯಲ್ಲಿ ಗಾಡಿ ಕಾಣುತ್ತಲೇ ಇರಬಹುದು. ಅದಕ್ಕೇ ಇದನ್ನು ಮೊದಲನೆಯದಾಗಿ ಅಲ್ಲ, ನಾಲ್ಕನೆಯದಾಗಿ ಹೇಳಿದ್ದು.

ಕೊನೆಯದು ಡಬ್ಬಿ ಬಿಚ್ಚುವುದು. ಒಂದು ಭಾನುವಾರ ಅವರು ಗಾಡಿ ತಂದರು, ಹಾಸನದ ಅದೇ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ನಾವಾಗಿದ್ದರೆ ವೈರ್ ಕಿತ್ತು ಡಬ್ಬಿ ಹೊರಗೆ ತೆಗೆದು ಆಯಿತು ಅನ್ನುತ್ತಿದ್ದೆವು. ಅವರು ಬೈದರು. "ಡಬ್ಬಿ ಕಿತ್ರೆ ಅರ್ಧ ಕೆಲ್ಸ. ಕಟ್ ಮಾಡಿರೋ ವೈರ್ ಜೋಡುಸ್ಬೇಕಲ್ಲ?" ಅಂದರು. ರಿಲೇ ತೆಗೆದು, ಕತ್ತರಿಸಿದ್ದ ಆ ಮೂಲ ವೈರಿನ ಎರಡು ತುದಿ ಸೇರಿಸಿ, ಬೆಸುಗೆ ಹಾಕಿ, ಮೇಲೆ ಟೇಪ್ ಸುತ್ತಿದರು. ಬರೀ ತಿರುಚಿ ಟೇಪ್ ಸುತ್ತಿದರೆ ಕಚ್ಚಾ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ, ಲೋಡು ಇರುವಾಗ ಏರಿನಲ್ಲಿ ಇಂಜಿನ್ ಆಫ್ ಆಗಬಹುದು ಅಂದರು. ಬ್ಯಾಟರಿಯಿಂದ ಬಂದಿದ್ದ ವೈರನ್ನೂ ಬುಡದಿಂದಲೇ ಬಿಡಿಸಿದರು, ಕರೆಂಟ್ ಇರುವ ತುದಿ ಒಳಗೆ ನೇತಾಡಬಾರದು ಅಂತ.

ಮುಗಿದಿದೆ ಅಂತ ಗೊತ್ತಾಗುವುದು ಹೇಗೆ

ಡಬ್ಬಿ ಬಿಚ್ಚಿ ಮೇಜಿನ ಮೇಲೆ ಇಟ್ಟೆವು. ಅದರ ಲೈಟು ಇನ್ನೂ ಮಿನುಗುತ್ತಿತ್ತು. ಒಳಗೆ ಸಣ್ಣ ಬ್ಯಾಟರಿ ಇರುತ್ತದೆ. ಕಳ್ಳರು ವೈರ್ ಕತ್ತರಿಸಿದರೂ ಸ್ವಲ್ಪ ಹೊತ್ತು ಜಾಗ ತೋರಿಸಲಿ ಅಂತ ಇಟ್ಟದ್ದು. ಹಾಗಾಗಿ ಬಿಚ್ಚಿದ ತಕ್ಷಣ ನೋಡಿ ಏನೂ ಹೇಳಲಾಗುವುದಿಲ್ಲ.

ಇನ್ನೊಂದು ಮೋಸ ಹೋಗುವ ಜಾಗ ಆಫ್‌ಲೈನ್ ಅನ್ನುವ ಮಾತು. ಆ್ಯಪ್‌ನಲ್ಲಿ ಗಾಡಿ ಆಫ್‌ಲೈನ್ ಅಂತ ಬಂದರೆ ಸಂಬಂಧ ಕಡಿಯಿತು ಅಂತಲ್ಲ. ಸಕಲೇಶಪುರದ ಘಾಟಿನಲ್ಲಿ ನೆಟ್‌ವರ್ಕ್ ಇಲ್ಲದೆಡೆ ಹೋದರೂ ಆಫ್‌ಲೈನ್ ಅಂತಲೇ ಬರುತ್ತದೆ. ನೆಟ್‌ವರ್ಕ್ ಸಿಕ್ಕಿದ ಕೂಡಲೇ ಮತ್ತೆ ಕಾಣಿಸುತ್ತದೆ. ಸರಿಯಾದ ಗುರುತು ಎಂದರೆ, ನಮ್ಮ ಖಾತೆಗೆ ಲಾಗಿನ್ ಆದಾಗ ಗಾಡಿಗಳ ಪಟ್ಟಿಯಲ್ಲಿ ಆ ನಂಬರೇ ಇರಬಾರದು. ನಾವು ಕಂಪನಿಯ ಉತ್ತರ ಬಂದ ಮೇಲೆ ಮೂರೂ ಫೋನಿನಲ್ಲಿ ಲಾಗಿನ್ ಆಗಿ ನೋಡಿದೆವು. ಪಟ್ಟಿ ಖಾಲಿ ಇತ್ತು. ಅದರ ಚಿತ್ರ ತೆಗೆದು ಕೊಣನೂರಿನ ಅಣ್ಣನಿಗೆ ಕಳಿಸಿದೆವು. ಆ್ಯಪ್ ಅಳಿಸಿದ್ದು ಅದಾದ ಮೇಲೆ. ಮೊದಲೇ ಅಳಿಸಿದ್ದು ನಮ್ಮ ಮೊದಲ ತಪ್ಪು.

ಕೊಂಡವರಿಗೆ ಟ್ರ್ಯಾಕರ್ ಬೇಕಾದರೆ

ಎಷ್ಟೋ ಜನ ಮಾಡುವುದು ಲಾಗಿನ್ ಪಾಸ್‌ವರ್ಡನ್ನೇ ಕೊಂಡವರಿಗೆ ಹೇಳಿಬಿಡುವುದು. ಇದು ಬೇಡ. ಆ ಖಾತೆಯಲ್ಲಿ ನಿಮ್ಮ ಹಳೇ ಓಡಾಟ ಪೂರ್ತಿ ಕೂತಿರುತ್ತದೆ. ನಮ್ಮ ಖಾತೆಯಲ್ಲಿ ಅಮ್ಮನನ್ನು ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೆವು ಅನ್ನುವುದೂ ಇತ್ತು, ಸಾಲಕ್ಕೆ ಯಾವ ಊರಿನಲ್ಲಿ ಯಾರ ಮನೆ ಮುಂದೆ ನಿಂತಿದ್ದೆವು ಅನ್ನುವುದೂ ಇತ್ತು. ಪಾಸ್‌ವರ್ಡ್ ಕೊಟ್ಟರೆ ಅದೆಲ್ಲ ಅವರದಾಗುತ್ತದೆ, ಮೊಬೈಲ್ ನಂಬರ್ ಮತ್ತು ಆಟೋಪೇ ಮಾತ್ರ ನಿಮ್ಮದಾಗಿ ಉಳಿಯುತ್ತದೆ.

ಸರಿಯಾದ ದಾರಿ, ನಿಮ್ಮ ಖಾತೆಯಿಂದ ಆ ಐಎಂಇಐ ಬಿಡಿಸುವುದು, ಅವರು ತಮ್ಮ ಫೋನ್ ನಂಬರಿನಲ್ಲಿ ಹೊಸ ಖಾತೆ ತೆರೆದು ತಮ್ಮ ದಾಖಲೆ ಕೊಟ್ಟು ಅದೇ ಡಬ್ಬಿಯನ್ನು ಸೇರಿಸಿಕೊಳ್ಳುವುದು. ಉಳಿದ ತಿಂಗಳ ಶುಲ್ಕದ ಲೆಕ್ಕವನ್ನು ಗಾಡಿ ಬೆಲೆ ಮಾತಾಡುವಾಗಲೇ ಸೇರಿಸಿ ಮಾತಾಡಿಕೊಳ್ಳಬಹುದು.

ಹಳದಿ ಬೋರ್ಡಿನ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್, ಬಸ್ಸುಗಳ ವಿಷಯ ಬೇರೆ. ಜನರನ್ನು ಸಾಗಿಸುವ ಬಾಡಿಗೆ ಗಾಡಿಗಳಿಗೆ ಪ್ಯಾನಿಕ್ ಬಟನ್ ಇರುವ ಟ್ರ್ಯಾಕರ್ ಹಾಕಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅದನ್ನು ಕಿತ್ತು ಕೊಡುವ ಹಾಗಿಲ್ಲ. ಅಲ್ಲಿ ಡಬ್ಬಿ ಗಾಡಿಯಲ್ಲೇ ಇರಬೇಕು, ಮಾಲೀಕರ ಹೆಸರು ಮತ್ತು ಫೋನ್ ನಂಬರ್ ಮಾತ್ರ ಬದಲಾಗಬೇಕು.

ಚನ್ನರಾಯಪಟ್ಟಣದ ಮಾವನ ಕಾರು

ನಮ್ಮ ಕಥೆ ಕೇಳಿ ಚನ್ನರಾಯಪಟ್ಟಣದ ಮಾವ ಗಾಬರಿಯಾದರು. ಅವರು ಹಿಂದಿನ ದೀಪಾವಳಿಯಲ್ಲಿ ಕಾರನ್ನು ಹಾಸನದಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರು. ಅದು ಕಂಪನಿಯಿಂದಲೇ ಇಂಟರ್ನೆಟ್ ಜೋಡಿಸಿ ಬಂದ ಕಾರು. ಫೋನಿನಿಂದಲೇ ಡೋರ್ ಲಾಕ್ ತೆಗೆಯಬಹುದು, ಎಸಿ ಹಾಕಬಹುದು. 2019ರಿಂದ ಈಚೆಗೆ ನಮ್ಮ ಕಡೆಯೂ ಇಂಥ ಕಾರು ಬಹಳ ಬಂದಿವೆ.

"ಶೋರೂಮಿನವ್ರು ಸ್ಕ್ರೀನೆಲ್ಲ ರೀಸೆಟ್ ಮಾಡುದ್ರು ಕಣಪ್ಪ, ನಾನೇ ನೋಡ್ದೆ" ಅಂದರು ಮಾವ. ಅವರ ಫೋನ್ ತೆಗೆಸಿ ನೋಡಿದೆವು. ಕಾರು ಅಲ್ಲೇ ಇತ್ತು. ಪೆಟ್ರೋಲ್ ಎಷ್ಟಿದೆ ಅಂತಲೂ ತೋರಿಸುತ್ತಿತ್ತು.

ಇದು ಮಾವನೊಬ್ಬರ ಕಥೆಯಲ್ಲ. ಐಬಿಎಂನಲ್ಲಿ ಭದ್ರತಾ ತಜ್ಞರಾಗಿದ್ದ ಚಾರ್ಲ್ಸ್ ಹೆಂಡರ್ಸನ್ ಅನ್ನುವವರು 2017ರಲ್ಲಿ ಅಮೆರಿಕದ ಒಂದು ಸಮ್ಮೇಳನದಲ್ಲಿ ಹೀಗೇ ಹೇಳಿಕೊಂಡರು. ಕಂಪ್ಯೂಟರ್ ಕಳ್ಳತನ ತಡೆಯುವುದೇ ಅವರ ಉದ್ಯೋಗ. ತಮ್ಮ ಕಾರನ್ನು ರೀಸೆಟ್ ಮಾಡಿಯೇ ಡೀಲರ್‌ಗೆ ಕೊಟ್ಟಿದ್ದರು. ವರ್ಷಗಳಾದ ಮೇಲೂ ಆ ಕಾರು ಎಲ್ಲಿದೆ ಅಂತ ಅವರ ಆ್ಯಪ್‌ನಲ್ಲಿ ಕಾಣುತ್ತಿತ್ತು, ಬಾಗಿಲ ಬೀಗ ತೆಗೆಯಲೂ ಆಗುತ್ತಿತ್ತು.

ಕಾರಣ ಸರಳ. ಕಾರಿನ ಸ್ಕ್ರೀನ್ ರೀಸೆಟ್ ಮಾಡಿದರೆ ಕಾರಿನೊಳಗೆ ಇರುವುದು ಅಳಿಯುತ್ತದೆ: ಜೋಡಿಸಿದ ಫೋನುಗಳು, ಕಾಂಟ್ಯಾಕ್ಟ್ ಪಟ್ಟಿ, ಮನೆ ವಿಳಾಸ. ಈ ಕಾರಿನ ಮಾಲೀಕರು ಯಾರು ಅನ್ನುವ ಲೆಕ್ಕ ಕಾರಿನಲ್ಲಿಲ್ಲ, ಕಂಪನಿಯ ಸರ್ವರ್‌ನಲ್ಲಿದೆ. ಅಲ್ಲಿ ಹೆಸರು ತೆಗೆಯದೆ ಇದ್ದರೆ ಹಳಬರೇ ಮಾಲೀಕರು. ಈ ಕಾರುಗಳಲ್ಲಿ ಸಿಮ್ ಒಳಗೇ ಕೂರಿಸಿರುತ್ತಾರೆ, ಬಿಚ್ಚಿ ತೆಗೆಯುವ ಡಬ್ಬಿಯೂ ಇಲ್ಲ.

ಆದ್ದರಿಂದ ಎರಡೂ ಕಡೆ ಕೆಲಸ ಆಗಬೇಕು. ಆ್ಯಪ್‌ನಲ್ಲಿ ಮನೆಯವರಿಗೆ ಕೊಟ್ಟ ಹಂಚಿಕೆ, ಫೋನೇ ಕೀ ಆಗುವ ಸೌಲಭ್ಯ ಇದ್ದರೆ ಅದು, ಎಲ್ಲ ತೆಗೆದು ಕಡೆಗೆ ಗಾಡಿಯನ್ನೇ ಖಾತೆಯಿಂದ ತೆಗೆಯಬೇಕು. ಕಾರಿನೊಳಗೆ ಸ್ಕ್ರೀನ್ ರೀಸೆಟ್ ಮಾಡಬೇಕು. ಇದನ್ನು ಕಾರು ನಿಮ್ಮ ಅಂಗಳದಲ್ಲಿ ಇರುವಾಗಲೇ, ಒಳ್ಳೆ ನೆಟ್‌ವರ್ಕ್ ಇರುವ ಜಾಗದಲ್ಲಿ ಮಾಡಿ. ಕೀ ಕೊಟ್ಟ ಮೇಲೆ ರೀಸೆಟ್ ಮಾಡಲು ನಿಮ್ಮ ಕೈಯಲ್ಲಿ ಕಾರು ಇರುವುದಿಲ್ಲ. ಮಾವ ತಮ್ಮ ಕಡೆಯದನ್ನು ಆವತ್ತೇ ತೆಗೆದರು. ಆ ಕಾರು ಈಗ ಯಾರ ಹತ್ತಿರ ಇದೆಯೋ ಗೊತ್ತಿಲ್ಲ, ಅವರಿಗೂ ಇದು ಗೊತ್ತಿರಲಿಕ್ಕಿಲ್ಲ.

ಅದಕ್ಕೇ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಯರ್ ನೋಡಿದ ಹಾಗೆ ಇದನ್ನೂ ನೋಡಬೇಕು. ಕಂಪನಿ ಆ್ಯಪ್‌ನಲ್ಲಿ ನಿಮ್ಮ ಹೆಸರಿಗೆ ಸೇರಿಸಲು ಹೋದಾಗ ಈ ಗಾಡಿ ಈಗಾಗಲೇ ಬೇರೆ ಖಾತೆಯಲ್ಲಿದೆ ಅಂತ ಬಂದರೆ, ಹಳಬರ ಕೈಯಲ್ಲಿ ಅದು ಇನ್ನೂ ಇದೆ ಅಂತ ಅರ್ಥ. ನಿಮ್ಮ ಹೆಸರಿನ ಆರ್‌ಸಿ ತೋರಿಸಿ ಕಂಪನಿಯಿಂದಲೇ ಬಿಡಿಸಿಕೊಳ್ಳಿ.

ಒಂದು ಸಾಲು

ಈಗ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಗಾಡಿ ಮಾರುವಾಗ ಬರೆಯುವ ಕರಾರಿನಲ್ಲಿ ಒಂದು ಸಾಲು ಸೇರಿಸುವುದು: "ಈ ಗಾಡಿಯಲ್ಲಿ ಇರುವ ಟ್ರ್ಯಾಕರ್ ಇದು, ಮಾರಿದವರ ಖಾತೆಯಿಂದ ಇಂಥ ದಿನ ತೆಗೆಯಲಾಗಿದೆ, ಕೊಂಡವರು ನೋಡಿದ್ದಾರೆ." ಮೊನ್ನೆ ತಮ್ಮ ಬೈಕ್ ಮಾರಿದಾಗ ಹಾಗೇ ಬರೆದೆವು. ಕೊಂಡ ಹುಡುಗ ನಕ್ಕ, ಆದರೆ ಫೋನ್ ಇಸಿದುಕೊಂಡು ನೋಡಿಯೇ ಸಹಿ ಹಾಕಿದ.

ಕೊಣನೂರಿನ ಅಣ್ಣನಿಗೆ ಅವತ್ತಿನ ಟ್ರ್ಯಾಕ್ಟರ್ ಬಾಡಿಗೆ ಕೊಡಲು ಹೋದೆವು, ತೆಗೆದುಕೊಳ್ಳಲಿಲ್ಲ. ಅಪ್ಪ ಮಾತ್ರ ಅವರ ಮುಖ ನೋಡಲು ಬಹಳ ದಿನ ಸಂಕೋಚಪಟ್ಟರು. ಹೋದ ವಾರ ಹಳ್ಳಿ ಮೈಸೂರಿನ ಕಡೆ ಬಾಡಿಗೆ ಇತ್ತಂತೆ, ಅವರೇ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರು. ಅಪ್ಪ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ಟಯರ್ ತಟ್ಟಿ ನೋಡಿದರು.

"ಗಾಡಿ ಹೆಂಗಿದೆ ಅಂತ ನೋಡ್ಬೇಕು ಅನ್ಸುದ್ರೆ ಒಂದು ಫೋನ್ ಮಾಡಿ ಗೌಡ್ರೆ" ಅಂದರು ಅವರು, "ನಾನೇ ತಂದು ತೋರುಸ್ತೀನಿ."

ಅಪ್ಪ ನಕ್ಕರು. ಕಾಫಿ ಕುಡಿದು ಅವರು ಹೊರಟರು.